ಗೋಡೆಗೂ ಒಂದು ಕುರ್ಚಿ: ಸ್ಕೀಮಾ ಮೋಡ್ ಕೆಲಸದಲ್ಲಿ ನನ್ನ ಅನುಭವ

‘ಕುರ್ಚಿ ಇಟ್ಟು ಮಾತಾಡಿಸೋದು ನಮ್ಮ ಜನಕ್ಕೆ ಒಗ್ಗಲ್ಲ. ಅಪ್ಪ ಅಮ್ಮನ ವಿರುದ್ಧ ಒಂದು ಮಾತು ಆಡಿಸೋಕೂ ಆಗಲ್ಲ’ ಎಂದು ಹೇಳಿದ ಸಹೋದ್ಯೋಗಿಗಳು ಒಬ್ಬಿಬ್ಬರಲ್ಲ. ಈಗ ಒಂದು ಕೇಸು ಹದಿನಾಲ್ಕು ತಿಂಗಳು ನಡೆದು ದಡ ಸೇರಿದೆ, ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಸ್ಕೀಮಾಗಳ ಪಟ್ಟಿ, ಮೋಡ್‌ಗಳ ಗುಂಪು ನಿಮಗೆಲ್ಲ ಗೊತ್ತಿರುವುದೇ. ನಾನು ಹೇಳಹೊರಟಿರುವುದು ಮುಖ್ಯವಾಗಿ ಡಿಟ್ಯಾಚ್ಡ್ ಪ್ರೊಟೆಕ್ಟರ್ ಬಗ್ಗೆ. ಕೆಲಸ ಕೆಡುವುದು ಬಹುಪಾಲು ಅಲ್ಲೇ.

ಬಂದಾಕೆಗೆ ಮೂವತ್ತರ ಆಸುಪಾಸು, ಲೆಕ್ಕಪತ್ರದ ಕೆಲಸ. ಅವಾಯ್ಡೆಂಟ್ ಲಕ್ಷಣಗಳು ಗಟ್ಟಿಯಾಗಿದ್ದವು, ಬಾರ್ಡರ್‌ಲೈನ್ ಲಕ್ಷಣಗಳು ಒಂದೆರಡು. ತೋಳಿನ ಮೇಲೆ ಹಳೆಯ ಗಾಯದ ಗುರುತುಗಳಿದ್ದವು. ನನ್ನ ಬಳಿ ಬರುವ ಮೊದಲು ಬೇರೆ ಕಡೆ ಸುಮಾರು ಎರಡು ವರ್ಷ ಸಿಬಿಟಿ ಆಗಿತ್ತು. ಹೋಮ್‌ವರ್ಕ್ ಒಂದೂ ತಪ್ಪಿಸಿರಲಿಲ್ಲ, ಥಾಟ್ ರೆಕಾರ್ಡ್‌ಗಳ ದಪ್ಪ ಫೈಲನ್ನೇ ತಂದಿದ್ದರು. ಬದಲಾವಣೆ ಮಾತ್ರ ಶೂನ್ಯ. ಆ ಫೈಲ್ ಬರೆದದ್ದು ಹೆಲ್ದಿ ಅಡಲ್ಟ್ ಅಲ್ಲ. ತಲೆಬಾಗುವ ಕಂಪ್ಲಯಂಟ್ ಸರೆಂಡರರ್ ಬರೆದದ್ದು, ಡಿಟ್ಯಾಚ್ಡ್ ಪ್ರೊಟೆಕ್ಟರ್ ಕಾವಲು ಕೂತದ್ದು. ಇದು ತಿಳಿಯಲು ನನಗೆ ಆರು ಸೆಷನ್ ಹಿಡಿಯಿತು.

ಪ್ರೊಟೆಕ್ಟರ್ ಕೂಡ ಶಾಂತ, ಹೆಲ್ದಿ ಅಡಲ್ಟ್ ಕೂಡ ಶಾಂತ. ಇದೇ ದೊಡ್ಡ ಬಲೆ. ‘ಹೌದು, ಅಪ್ಪನಿಗೂ ಕಷ್ಟ ಇತ್ತು, ಈಗ ಅರ್ಥ ಆಗುತ್ತೆ’ ಎಂದಾಗ ಪ್ರಗತಿ ಎಂದು ಬರೆದುಕೊಂಡುಬಿಡುತ್ತೇವೆ. ಆಗ ನಾನು ಕೇಳುವುದು ಒಂದೇ ಪ್ರಶ್ನೆ: ‘ಇದನ್ನು ಹೇಳುವಾಗ ಎದೆಯಲ್ಲಿ, ಹೊಟ್ಟೆಯಲ್ಲಿ ಏನಾಗ್ತಿದೆ?’ ಹೆಲ್ದಿ ಅಡಲ್ಟ್ ಆಗಿದ್ದರೆ ದುಃಖವೋ ಹಗುರವೋ, ಏನಾದರೂ ಹೇಳಲು ಇರುತ್ತದೆ. ಪ್ರೊಟೆಕ್ಟರ್ ಆಗಿದ್ದರೆ ‘ಏನೂ ಇಲ್ಲ, ಖಾಲಿ’. ಇನ್ನೊಂದು ಸುಳಿವು ನಮ್ಮ ಮೈಯಲ್ಲೇ ಇದೆ. ದುಃಖದ ಕಥೆ ಕೇಳುತ್ತಾ ನಮಗೆ ಆಕಳಿಕೆ ಬಂದರೆ, ಎದುರಿಗೆ ಕೂತಿರುವುದು ಪ್ರೊಟೆಕ್ಟರ್ ಎಂದೇ ತಿಳಿಯಬೇಕು.

ಏಳನೆಯ ಸೆಷನ್ನಿನಲ್ಲಿ ನೇರ ಇಮೇಜರಿ ರೀಸ್ಕ್ರಿಪ್ಟಿಂಗ್‌ಗೆ ಇಳಿದದ್ದು ನನ್ನ ತಪ್ಪು. ಚಿತ್ರ ಇಷ್ಟು: ಎಂಟು ವರ್ಷದ ಹುಡುಗಿ, ಕೈಯಲ್ಲಿ ಮಾರ್ಕ್ಸ್ ಕಾರ್ಡ್. ಸಂಜೆ ಹೊತ್ತು, ಬಾಗಿಲ ಹೊರಗೆ ನಿಲ್ಲಿಸಿದ್ದಾರೆ. ಒಳಗಿಂದ ಅಪ್ಪನ ದನಿ, ‘ಮುಖ ತೋರಿಸಬೇಡ, ದಂಡಪಿಂಡ’. ಪುಸ್ತಕದಲ್ಲಿ ಇರುವಂತೆ ನಾನು ಚಿತ್ರದೊಳಗೆ ಹೋಗಿ ಅಪ್ಪನನ್ನು ತರಾಟೆಗೆ ತೆಗೆದುಕೊಂಡೆ. ಆಕೆ ಕಣ್ಣು ತೆರೆದು, ‘ಅಪ್ಪ ಹಾಗಲ್ಲ ಮೇಡಂ’ ಎಂದರು. ಆಮೇಲೆ ಮೂರು ವಾರ ಬರಲಿಲ್ಲ. ಮಗುವಿನ ಕಣ್ಣಲ್ಲಿ ತಪ್ಪು ಮಗುವಿನದೇ. ಅಪ್ಪನನ್ನು ಬೈದರೆ ಪಾಪಪ್ರಜ್ಞೆ ಏರುತ್ತದೆ, ಪ್ಯುನಿಟಿವ್ ಪೇರೆಂಟ್‌ಗೆ ಹೊಸ ಅಸ್ತ್ರ ಸಿಗುತ್ತದೆ, ಗೋಡೆ ಇನ್ನೊಂದು ಅಡಿ ಏಳುತ್ತದೆ.

ಮತ್ತೆ ಬಂದಾಗ ಚಿತ್ರದ ಗೊಡವೆಗೇ ಹೋಗಲಿಲ್ಲ. ನಾಲ್ಕು ಸೆಷನ್ ಬರೀ ಪ್ರೊಟೆಕ್ಟರ್ ಜೊತೆ ಮಾತು. ಮೋಡ್‌ಗೆ ಆಕೆಯ ಬಾಯಿಂದಲೇ ಹೆಸರು ಬರಲಿ ಎಂದು ಕಾದೆ, ‘ಗೋಡೆ’ ಎಂದರು. ಬೇರೆ ಕುರ್ಚಿಗೆ ಕಳಿಸಿ ಗೋಡೆಯನ್ನೇ ಕೇಳಿದೆ: ಯಾವಾಗ ಬಂದಿರಿ? ನೀವು ಇಲ್ಲದಿದ್ದರೆ ಆಗ ಏನಾಗುತ್ತಿತ್ತು? ಈಗ ಇರುವುದರಿಂದ ಇವರಿಗೆ ಏನು ನಷ್ಟ? ಈ ಕ್ರಮ ತಪ್ಪಬಾರದು. ಮೊದಲು ಉಪಕಾರ ಸ್ಮರಣೆ, ಆಮೇಲೆ ನಷ್ಟದ ಲೆಕ್ಕ. ನಷ್ಟದಿಂದ ಶುರು ಮಾಡಿದರೆ ಗೋಡೆ ವಾದಕ್ಕೆ ಇಳಿಯುತ್ತದೆ, ವಾದದಲ್ಲಿ ಅದನ್ನು ಗೆದ್ದವರನ್ನು ನಾನು ಕಂಡಿಲ್ಲ. ಮೂರನೆಯ ಸಲ ಗೋಡೆ ಹೇಳಿತು, ‘ನಾನು ಸರಿದರೆ ಇವಳು ಮತ್ತೆ ಕೈ ಕುಯ್ದುಕೊಳ್ತಾಳೆ.’ ಅದು ಸುಳ್ಳು ಭಯವಲ್ಲ. ಅಲ್ಲಿಗೆ ನಿಲ್ಲಿಸಿ ಮೊದಲು ಸುರಕ್ಷತೆಯ ಯೋಜನೆ ಮಾಡಿದೆವು. ಗೋಡೆಯನ್ನು ಕೆಡವುವ ಮಾತೇ ಎತ್ತಲಿಲ್ಲ. ಕುರ್ಚಿಯನ್ನು ಎರಡಡಿ ಪಕ್ಕಕ್ಕೆ ಸರಿಸಲು ಅನುಮತಿ ಕೇಳಿದೆ, ಸಿಕ್ಕಿತು. ಅನುಮತಿ ಕೇಳುವ ಮೊದಲು ನಾನು ಹೇಳುವ ಒಂದು ವಾಕ್ಯವಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಎದುರು ಕೂತು ತೋರಿಸದಿದ್ದರೆ ಅದು ಉಪಾಯವಾಗಿ ಉಳಿದುಬಿಡುತ್ತದೆ.

ಪ್ಯುನಿಟಿವ್ ಪೇರೆಂಟ್ ಹತ್ತಿರ ನಮ್ಮ ಭಾಷೆಯೇ ಕೈ ಹಿಡಿಯಿತು. ‘ನಾನು ದಂಡ’ ಎಂದಾಗಲೆಲ್ಲ ಆಚೆ ಕುರ್ಚಿಯಲ್ಲಿ ಕೂತು ಅದನ್ನೇ ‘ನೀನು ದಂಡ’ ಎಂದು ಹೇಳಿ ಎಂದೆ. ‘ನಾನು’ ಹೋಗಿ ‘ನೀನು’ ಬಂದ ಕೂಡಲೇ ಅದು ಇನ್ನೊಬ್ಬರ ದನಿ ಎಂದು ಆಕೆಗೇ ಕೇಳಿಸಿತು. ಆ ದನಿಗೆ ಉತ್ತರ ಕೊಡುವಾಗ ಮಾತ್ರ ಆಕೆಯ ಬಾಯಿಂದ ಏಕವಚನ ಹೊರಡಲಿಲ್ಲ. ಅದಕ್ಕೆ ಒತ್ತಾಯ ಬೇಡ. ‘ನೀವು ಆಡಿದ ಆ ಮಾತು ಇನ್ನು ಇಲ್ಲಿ ನಡೆಯಲ್ಲ’ ಎಂದು ಬಹುವಚನದಲ್ಲೇ ಗಟ್ಟಿಯಾಗಿ ಹೇಳಬಹುದು. ಕುರ್ಚಿಯಲ್ಲಿ ಕೂರಿಸಿದ್ದು ಅಪ್ಪನನ್ನಲ್ಲ, ಅಪ್ಪನ ಆ ಮಾತನ್ನು ಎಂದು ಮೊದಲೇ ಹೇಳಿಬಿಟ್ಟರೆ ನಿಷ್ಠೆಯ ಪ್ರಶ್ನೆ ಅರ್ಧ ಕರಗುತ್ತದೆ.

ಹದಿನೈದನೆಯದೋ ಹದಿನಾರನೆಯದೋ ಸೆಷನ್ನಿಗೆ ಅದೇ ಬಾಗಿಲಿಗೆ ಮರಳಿದೆವು. ಈ ಸಲ ಬೈಗುಳಕ್ಕೆ ಮುಂಚೆಯೇ ಚಿತ್ರ ನಿಲ್ಲಿಸಿದೆ, ನೋವಿನ ತುದಿಯವರೆಗೆ ಹೋಗುವ ಅಗತ್ಯವಿಲ್ಲ. ಚಿತ್ರದೊಳಗೆ ಹೋಗಿ ಹುಡುಗಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ‘ನಿನಗೆ ಈಗ ಏನು ಬೇಕು ಪುಟ್ಟಾ?’ ಎಂದೆ. ತುಂಬಾ ಹೊತ್ತು ಮೌನ. ಆಮೇಲೆ, ‘ಹಸಿವು.’ ಒಳಗಿದ್ದವರಿಗೆ ‘ಮಗು ಹೊರಗೆ ನಿಲ್ಲಲ್ಲ, ಬಾಗಿಲು ತೆಗೀರಿ’ ಎಂದಷ್ಟೇ ಹೇಳಿ, ಆಕೆ ಆರಿಸಿದಂತೆ ಅಜ್ಜಿ ಮನೆಗೆ ಕರೆದೊಯ್ದೆ. ಅಲ್ಲಿ ಬಿಸಿ ಅನ್ನ, ತಿಳಿಸಾರು. ಆಕೆ ಮೊದಲ ಸಲ ನನ್ನೆದುರು ಅತ್ತರು. ಕೊನೆಯ ಇಪ್ಪತ್ತು ನಿಮಿಷಕ್ಕೆ ಚಿತ್ರ ಶುರು ಮಾಡಬೇಡಿ, ಅತ್ತವರು ಸಾವರಿಸಿಕೊಂಡು ಬಸ್ಸು ಹತ್ತಬೇಕು.

ದುಡ್ಡಿನ ಮಾತು. ನೆದರ್ಲೆಂಡ್ಸಿನ 2006ರ ಬಾರ್ಡರ್‌ಲೈನ್ ಅಧ್ಯಯನದಲ್ಲಿ ವಾರಕ್ಕೆ ಎರಡು ಸೆಷನ್, ಮೂರು ವರ್ಷ. ಅದನ್ನು ಇಲ್ಲಿ ಯಾರು ಭರಿಸುತ್ತಾರೆ? ನಾನು ವಾರಕ್ಕೊಂದು, 75 ನಿಮಿಷದ್ದು ಮಾಡಿ, 50 ನಿಮಿಷದ ಸೆಷನ್ನಿಗಿಂತ ಇನ್ನೂರೋ ಮುನ್ನೂರೋ ಹೆಚ್ಚು ತೆಗೆದುಕೊಂಡೆ. ಕುರ್ಚಿ ಕೆಲಸ 50 ನಿಮಿಷದಲ್ಲಿ ಕೂರುವುದೇ ಇಲ್ಲ. ಎರಡನೆಯ ಸೆಷನ್ನಿನ ಜಾಗಕ್ಕೆ ಫೋನಿನಲ್ಲಿ ನನ್ನದೇ ದನಿ, ಎರಡು ನಿಮಿಷದ ರೆಕಾರ್ಡಿಂಗ್, ಆ ದಿನ ಮಗುವಿಗೆ ಹೇಳಿದ ಮಾತೇ. ಆಕೆ ದಿನಾ ಕೇಳಿದರು. ಒಟ್ಟು 48 ಸೆಷನ್ ಇರಬಹುದು. ನನ್ನ ಆದಾಯಕ್ಕೆ ಪೆಟ್ಟು ಬಿತ್ತು, ಸಂಜೆಯ ಒಂದು ಸ್ಲಾಟ್ ಹೋಯಿತು.

ನಡುವೆ ಒಂದು ಪ್ರಯೋಗ ಮಾಡಿದೆ. ಆಕೆ ಆನ್‌ಲೈನ್ ಬಂದ ವಾರಗಳಲ್ಲಿ ಕುರ್ಚಿ ಬದಲು ಅಡುಗೆಮನೆಯ ಪಾತ್ರೆ ಇಡಿಸಿದೆ. ಗೋಡೆಗೆ ಕುಕ್ಕರ್, ಮಗುವಿಗೆ ಪುಟ್ಟ ಲೋಟ. ಮೋಡ್ ನಕ್ಷೆ ಚೆನ್ನಾಗಿ ಕಂಡಿತು, ಭಾವನೆ ಮಾತ್ರ ಏಳಲಿಲ್ಲ. ಮೈ ಜಾಗ ಬದಲಿಸದೆ ಈ ಕೆಲಸ ಆಗುವುದಿಲ್ಲ, ಮನೆಯಲ್ಲೂ ಎದ್ದು ಬೇರೆ ಕಡೆ ಕೂರಲೇಬೇಕು.

ಹನ್ನೊಂದನೆಯ ತಿಂಗಳ ಹೊತ್ತಿಗೆ ಆಕೆ ತಾವೇ ಎದ್ದು ಹೆಲ್ದಿ ಅಡಲ್ಟ್ ಕುರ್ಚಿಗೆ ಹೋಗತೊಡಗಿದರು, ನಾನು ಹಿಂದೆ ನಿಂತೆ. ಗಾಯ ಮಾಡಿಕೊಳ್ಳುವುದು ನಿಂತಿದೆ. ಆಫೀಸಿನಲ್ಲಿ ತಮ್ಮದಲ್ಲದ ಕೆಲಸ ಬಂದಾಗ ‘ಆಗಲ್ಲ’ ಎಂದರಂತೆ, ಒಂದು ಸಲ ಅಲ್ಲ, ಎರಡು ಸಲ. ಹಬ್ಬಕ್ಕೆ ತವರಿಗೆ ಹೋದರೆ ಈಗಲೂ ಗೋಡೆ ಏಳುತ್ತದೆ. ವಾಪಸು ಬಂದ ಮೇಲೆ ಇಳಿಯಲು ಮೊದಲು ಎರಡು ವಾರ ಬೇಕಿತ್ತು, ಈ ಸಲ ಎರಡು ದಿನ ಸಾಕಾಯಿತು. ಸದ್ಯ ತಿಂಗಳಿಗೊಂದು ಸೆಷನ್ ನಡೆದಿದೆ, 50 ನಿಮಿಷದ್ದು.