ಓಡುವ ಮಕ್ಕಳ ಫೋಕಸ್: ಲಾಕ್-ಆನ್ 4ಕ್ಕೆ ಇಟ್ಟು, ಉಳಿದದ್ದು ಹೆಬ್ಬೆರಳಿಗೆ ಬಿಟ್ಟೆ

ಮೊನ್ನೆ ಕಾರವಾರದ ಒಂದು ಶಾಲೆಯ ಕ್ರೀಡಾಕೂಟ ಮುಗಿಸಿ ಬಂದು ಕಾರ್ಡ್ ಖಾಲಿ ಮಾಡಿದೆ. 100 ಮೀಟರ್ ಓಟದ್ದೇ ಸುಮಾರು 140 ಫ್ರೇಮ್ ಇತ್ತು. ಅದರಲ್ಲಿ ಮುಖ ಸರಿಯಾಗಿ ಶಾರ್ಪ್ ಇದ್ದದ್ದು ನೂರಕ್ಕೂ ಜಾಸ್ತಿ. ಹೋದ ವರ್ಷ ಇಂಥದ್ದೇ ಓಟದಲ್ಲಿ ನೂರಕ್ಕೆ ಇಪ್ಪತ್ತು ಸಿಕ್ಕಿದ್ದರೆ ಪುಣ್ಯ. ಕ್ಯಾಮೆರಾ ಅದೇ ಹಳೇ ನಿಕಾನ್ D7200, ಲೆನ್ಸ್ ಅದೇ 70-300. ಬದಲಾಗಿದ್ದು ಮೂರು ಸೆಟ್ಟಿಂಗ್, ಮತ್ತೆ ನನ್ನ ಹೆಬ್ಬೆರಳಿನ ಅಭ್ಯಾಸ. "ಆ ಬಾಡಿಯಲ್ಲಿ ಅದೆಲ್ಲ ಆಗೋದಿಲ್ಲ" ಅಂದಿದ್ದವರೇ ಈಗ ಫೋನ್ ಮಾಡಿ ಸೆಟ್ಟಿಂಗ್ ಕೇಳುತ್ತಿದ್ದಾರೆ. ಅದಕ್ಕೇ ಒಂದೇ ಸಲ ಬರೆದುಬಿಡುತ್ತಿದ್ದೇನೆ.

ಮೊದಲು ಹಾಳಾದ ಕಥೆ. ಆ ವರ್ಷ AF-C ಹಾಕಿದ್ದೆ, ಒತ್ತಿ ಹಿಡಿದಷ್ಟು ಹೊತ್ತೂ ಫೋಕಸ್ ಮಾಡುತ್ತಲೇ ಇರುವ ಮೋಡ್, ಅದು ಎಲ್ಲರಿಗೂ ಗೊತ್ತಿರುವುದೇ. ತಪ್ಪಿದ್ದು ಏರಿಯಾದಲ್ಲಿ, ಅಂದರೆ ಯಾವ ಫೋಕಸ್ ಪಾಯಿಂಟ್ ಬಳಸಬೇಕು, ಎಷ್ಟು ಬಳಸಬೇಕು ಅನ್ನುವುದರಲ್ಲಿ. ಮೊದಲು ಆಟೊ ಏರಿಯಾ ಇಟ್ಟೆ, ಅದು ಹತ್ತಿರ ಏನಿದೆಯೋ ಅದನ್ನೇ ಹಿಡಿಯುತ್ತಿತ್ತು. ಟ್ರ್ಯಾಕಿನ ಪಕ್ಕ ಕಟ್ಟಿದ್ದ ಹಗ್ಗ ಎಷ್ಟು ಚೆನ್ನಾಗಿ ಬಂದಿತ್ತೆಂದರೆ ಅದರ ನಾರು ಎಣಿಸಬಹುದಿತ್ತು. ಆಮೇಲೆ 3D ಹಾಕಿದೆ. ಅದು ಇನ್ನೂ ಕೆಟ್ಟದಾಯಿತು, ಯಾಕೆ ಅಂತ ತಿಳಿಯಲು ನನಗೆ ತಿಂಗಳುಗಳೇ ಬೇಕಾದವು. 3D ಟ್ರ್ಯಾಕಿಂಗ್ ಪಾಯಿಂಟಿನ ಸುತ್ತ ಇರುವ ಬಣ್ಣವನ್ನು ನೆನಪಿಟ್ಟುಕೊಂಡು ಹಿಂಬಾಲಿಸುತ್ತದೆ. ಓಡುತ್ತಿರುವ ಎಂಟೂ ಮಕ್ಕಳ ಅಂಗಿ ಬಿಳಿ, ಹಿಂದೆ ನಿಂತು ಕೂಗುವ ಮಕ್ಕಳ ಅಂಗಿಯೂ ಬಿಳಿ. ಪಾಪ, ಅದು ಯಾರನ್ನು ಅಂತ ಹಿಡಿಯಬೇಕು? ಒಬ್ಬನ ಎದೆಯಿಂದ ಪಕ್ಕದವನ ಎದೆಗೆ, ಅಲ್ಲಿಂದ ಹಿಂದಿನ ಗುಂಪಿಗೆ ಹಾರುತ್ತಲೇ ಇತ್ತು. ಕೊನೆಗೆ 51 ಪಾಯಿಂಟನ್ನೂ ಬಳಸುವ d51 ಇಟ್ಟೆ, ಪಾಯಿಂಟ್ ಜಾಸ್ತಿ ಇದ್ದರೆ ಹಿಡಿಯುವುದೂ ಜಾಸ್ತಿ ಅಂದುಕೊಂಡು. ಅದೂ ಹಾಗಲ್ಲ. ನಾವು ಆರಿಸಿದ ಒಂದು ಪಾಯಿಂಟಿನಿಂದಲೇ ಅದು ಶುರು ಮಾಡುವುದು, ಸುತ್ತಲಿನವು ಬರೀ ಸಹಾಯಕ್ಕೆ. ಸಹಾಯಕ್ಕೆ ಐವತ್ತು ಜನ ಇದ್ದರೆ, ಅವರಲ್ಲಿ ಅರ್ಧ ಜನ ಹಿಂದಿನ ಕಾಂಪೌಂಡ್ ಗೋಡೆಯನ್ನೇ ನೋಡುತ್ತಿರುತ್ತಾರೆ.

ಮುಂಗಡ ತೆಗೆದುಕೊಂಡಿದ್ದು ಸುಮಾರು ಆರು ಸಾವಿರ. ವಾಪಸ್ ಕೊಟ್ಟೆ. ಅಷ್ಟಕ್ಕೇ ಬಿಡದೆ ಲೆನ್ಸ್ ಕೆಟ್ಟಿದೆ ಅಂತ ತೀರ್ಮಾನ ಮಾಡಿ ಹುಬ್ಬಳ್ಳಿಗೆ ಹೋಗಿ ಒಂದು ಅಂಗಡಿಯಲ್ಲಿ ಚೆಕ್ ಮಾಡಿಸಿ, ಕ್ಲೀನ್ ಮಾಡಿಸಿ, ಹೋಗಿ ಬರುವ ಖರ್ಚು ಸೇರಿ ನಾಲ್ಕೂವರೆ ಸಾವಿರ ಕಳೆದೆ. ಫರಕು ಏನೂ ಇಲ್ಲ. ಗೋಡೆಗೆ ಒಂದು ಪೇಪರ್ ಅಂಟಿಸಿ, ಕ್ಯಾಮೆರಾ ಸ್ಟ್ಯಾಂಡ್ ಮೇಲೆ ಇಟ್ಟು, ಒಮ್ಮೆ ಫೋಕಸ್ ಹಿಡಿದು ಅಲ್ಲೇ ನಿಲ್ಲುವ AF-S ನಲ್ಲಿ ಹತ್ತು ಫೋಟೊ ತೆಗೆದಿದ್ದರೆ ಮನೆಯಲ್ಲೇ ಗೊತ್ತಾಗುತ್ತಿತ್ತು. ನಿಂತಿರುವ ವಸ್ತು ಹತ್ತಕ್ಕೆ ಹತ್ತೂ ಶಾರ್ಪ್ ಬಂದರೆ ಲೆನ್ಸಿಗೆ ಏನೂ ಆಗಿಲ್ಲ. ಇದೊಂದನ್ನು ದಯವಿಟ್ಟು ಮೊದಲು ಮಾಡಿ, ದುಡ್ಡು ಉಳಿಯುತ್ತದೆ.

ಪಕ್ಕದ ಸ್ಟುಡಿಯೊದ ಹಿರಿಯರು ನೋಡಿ, "ತಮ್ಮಾ, ಸುಮ್ನೆ ಮಿರರ್‌ಲೆಸ್ ತಗೋ, ಅದೇ ಕಣ್ಣು ಹಿಡೀತದೆ" ಅಂದರು. ಅವರು ಹೇಳಿದ್ದು ಸುಳ್ಳಲ್ಲ. ಆದರೆ ಬಾಡಿ, ಲೆನ್ಸ್ ಸೇರಿ ಒಂದೂವರೆ ಲಕ್ಷದ ಮಾತು. ನನ್ನ ಹತ್ತಿರ ಇರಲಿಲ್ಲ.

ಹಾಗಾಗಿ ಟ್ಯಾಗೋರ್ ಬೀಚಿಗೆ ಹೋದೆ. ಅಕ್ಕನ ಮಗಳು ಆರು ವರ್ಷದವಳು, ಅವಳನ್ನು ಕರೆದುಕೊಂಡು. ಸಂಜೆ ನಾಲ್ಕರ ಬಿಸಿಲು. ನಾನು ಮರಳಿನಲ್ಲಿ ಮಂಡಿಯೂರಿ ಕೂತೆ, ಅವಳು ಸುಮಾರು 25 ಮೀಟರ್ ದೂರದಿಂದ ನೇರ ನನ್ನ ಕಡೆ ಓಡಿ ಬರುವುದು. ಹಿಂದೆ ಅಲೆ, ಬಿಳಿ ನೊರೆ. ಫೋಕಸ್ ಹಾಳು ಮಾಡಲು ಆ ನೊರೆಯಷ್ಟು ಒಳ್ಳೆಯದು ಇನ್ನೊಂದಿಲ್ಲ, ಕಾಂಟ್ರಾಸ್ಟ್ ಅಷ್ಟು ಜಾಸ್ತಿ. ಮೂರು ಸಂಜೆ ಇದನ್ನೇ ಮಾಡಿದೆವು. ಓಡಿದ ಪ್ರತಿ ಸಲಕ್ಕೂ ಅವಳಿಗೆ ಒಂದು ಚಾಕಲೇಟಿನ ಲೆಕ್ಕ.

ಲೆಕ್ಕ ಅಂದರೆ ಇನ್ನೊಂದು ಲೆಕ್ಕ ಹೇಳಬೇಕು. ಅಷ್ಟು ಚಿಕ್ಕ ಮಗು ಜೋರಾಗಿ ಓಡಿದರೆ ಸೆಕೆಂಡಿಗೆ ಸುಮಾರು 4 ಮೀಟರ್. ನನ್ನ ಕ್ಯಾಮೆರಾ ಸೆಕೆಂಡಿಗೆ 6 ಫ್ರೇಮ್. ಅಂದರೆ ಎರಡು ಫ್ರೇಮಿನ ನಡುವೆ ಅವಳು ಸುಮಾರು 67 ಸೆಂಟಿಮೀಟರ್ ಹತ್ತಿರ ಬಂದಿರುತ್ತಾಳೆ. 200 ಎಂಎಂ, f/5.6, 10 ಮೀಟರ್ ದೂರ ಇದ್ದಾಗ ಶಾರ್ಪ್ ಆಗಿ ಕಾಣುವ ಪಟ್ಟಿ ಮುಂದೆ ಹಿಂದೆ ಸೇರಿ ಸುಮಾರು 55 ಸೆಂಟಿಮೀಟರ್. ಒಂದು ಫ್ರೇಮ್ ಫೋಕಸ್ ಅಲ್ಲೇ ನಿಂತರೂ ಸಾಕು, ಮುಂದಿನ ಫ್ರೇಮಿನಲ್ಲಿ ಮಗು ಆ ಪಟ್ಟಿಯಿಂದ ಆಚೆ ಬಂದಾಗಿರುತ್ತದೆ.

ಮರಳಿನ ಉಪಯೋಗ ಇಲ್ಲೇ. ಫೋಟೊ ಬ್ಲರ್ ಬಂದಾಗ ಮಗುವನ್ನು ನೋಡಬೇಡಿ, ಕಾಲ ಕೆಳಗಿನ ಮರಳು ನೋಡಿ. ಎಲ್ಲೋ ಒಂದು ಕಡೆ ಮರಳಿನ ಕಣ ಚುರುಕಾಗಿ ಕಾಣುವ ಅಡ್ಡಪಟ್ಟಿ ಇರುತ್ತದೆ. ಅದು ಮಗುವಿನ ಹಿಂದೆ ಒಂದೆರಡು ಅಡಿ ಇದ್ದರೆ ಫೋಕಸ್ ಹಿಂದೆ ಬಿದ್ದಿದೆ. ಪಟ್ಟಿ ತೀರಾ ದೂರ, ನೊರೆಯ ಹತ್ತಿರ ಇದ್ದರೆ ಫೋಕಸ್ ಹಾರಿ ಹೋಗಿದೆ. ಪಟ್ಟಿ ಮಗುವಿನ ಕಾಲಡಿಯಲ್ಲೇ ಇದ್ದು ಕೈಕಾಲು ಮಾತ್ರ ಎಳೆದಂತೆ ಕಂಡರೆ ಫೋಕಸ್ ಸರಿಯಾಗಿದೆ, ಶಟರ್ ನಿಧಾನ ಆಗಿದೆ. ನಾನು 1/1000 ಕ್ಕಿಂತ ಕೆಳಗೆ ಹೋಗುವುದಿಲ್ಲ. ಈ ಮೂರನ್ನು ಬೇರೆ ಮಾಡಿ ನೋಡದೆ ಸೆಟ್ಟಿಂಗ್ ಬದಲಿಸುತ್ತಾ ಕೂತರೆ ಜನ್ಮದಲ್ಲಿ ಮುಗಿಯುವುದಿಲ್ಲ. ನಾನು ಒಂದು ವರ್ಷ ಮಾಡಿದ್ದು ಅದನ್ನೇ.

ಹಾಗೆ ನೋಡಿದಾಗ ನನ್ನ ಹಾಳಾದ ಫ್ರೇಮುಗಳಲ್ಲಿ ಬಹುಪಾಲು ಎರಡನೇ ಜಾತಿಯವು. ಫೋಕಸ್ ನೊರೆಗೆ ಹಾರಿದ್ದು. ಕಾರಣ ನಾನೇ ಮಾಡಿಟ್ಟಿದ್ದೆ. ಮೆನುವಿನಲ್ಲಿ a3, Focus tracking with lock-on ಅಂತ ಇದೆಯಲ್ಲ, ಅದನ್ನು Off ಮಾಡಿದ್ದೆ. ಮಕ್ಕಳು ಚುರುಕು, ಹಾಗಾಗಿ ಕ್ಯಾಮೆರಾವೂ ಚುರುಕಾಗಿರಲಿ ಅಂತ ನಮ್ಮಲ್ಲಿ ಎಲ್ಲರೂ ಹೇಳುವುದು ಇದನ್ನೇ. ಆದರೆ ಆ ಸೆಟ್ಟಿಂಗಿಗೂ ಮಗು ಓಡಿ ಬರುವ ವೇಗಕ್ಕೂ ಸಂಬಂಧವೇ ಇಲ್ಲ. ದೂರ ಒಮ್ಮೆಲೇ ತುಂಬಾ ಬದಲಾದರೆ ಎಷ್ಟು ಹೊತ್ತು ತಡೆದುಕೊಳ್ಳಬೇಕು ಅನ್ನುವುದಷ್ಟೇ ಅದರ ಕೆಲಸ. ಮಗು ಒಂದೇ ಸಮನೆ ಹತ್ತಿರ ಬರುವುದು ಒಮ್ಮೆಲೇ ಆಗುವ ಬದಲಾವಣೆ ಅಲ್ಲ. ನನ್ನ ಪಾಯಿಂಟ್ ಮಗುವಿನ ಎದೆಯಿಂದ ಜಾರಿ ನೊರೆಯ ಮೇಲೆ ಬೀಳುವುದಿದೆಯಲ್ಲ, ಅದು ಒಮ್ಮೆಲೇ ಆಗುವುದು. Off ಇದ್ದರೆ ಜಾರಿದ ಕ್ಷಣವೇ ಫೋಕಸ್ ಕೂಡ ಹಾರುತ್ತದೆ.

ಅದರಲ್ಲಿ 1 ರಿಂದ 5 ರವರೆಗೆ ಇದೆ, ಅಂಕಿ ಜಾಸ್ತಿಯಾದಷ್ಟೂ ಜಾಸ್ತಿ ಹೊತ್ತು ಕಾಯುತ್ತದೆ. 4ಕ್ಕೆ ಇಟ್ಟೆ. ಪಾಯಿಂಟ್ ಜಾರಿದರೂ ಫೋಕಸ್ ಮಗುವಿನ ದೂರದಲ್ಲೇ ಕಾಯುತ್ತದೆ, ಅಷ್ಟರಲ್ಲಿ ನಾನು ಮತ್ತೆ ಎದೆಯ ಮೇಲೆ ತಂದಿರುತ್ತೇನೆ.

ಇದಕ್ಕೇ ಎಲ್ಲರೂ ತಕರಾರು ಎತ್ತಿದ್ದು. ಮೊದಲೇ ಹಿಂದಿನದನ್ನು ಹಿಡಿದುಬಿಟ್ಟರೆ ಅಲ್ಲೇ ಅಂಟಿ ಕೂರುತ್ತದಲ್ವಾ, ಅಂತ. ಹೌದು, ಕೂರುತ್ತದೆ. ಅಲ್ಲಿಗೇ ಹೆಬ್ಬೆರಳು ಬೇಕಾಗುವುದು. ಹಿಂದೆ ಹೆಬ್ಬೆರಳಿಗೆ ಸಿಗುವ AE-L/AF-L ಬಟನ್ನಿಗೆ AF-ON, ಅಂದರೆ ಫೋಕಸ್ ಮಾಡುವ ಕೆಲಸ ಕೊಟ್ಟಿದ್ದೇನೆ, ಶಟರ್ ಬಟನ್ ಬರೀ ಕ್ಲಿಕ್ಕಿಗೆ. ಫೋಕಸ್ ತಪ್ಪಾದದ್ದನ್ನು ಹಿಡಿದರೆ ಹೆಬ್ಬೆರಳು ಎತ್ತಿ, ಪಾಯಿಂಟ್ ಸರಿ ಮಾಡಿ, ಮತ್ತೆ ಒತ್ತುವುದು. ಎತ್ತಿ ಒತ್ತಿದರೆ ಕಾಯುವ ಮಾತೇ ಇಲ್ಲ, ಅದು ಹೊಸದಾಗಿ ಶುರು. ಒಬ್ಬನನ್ನು ಬಿಟ್ಟು ಇನ್ನೊಬ್ಬನನ್ನು ಹಿಡಿಯಲೂ ಇದೇ. ಅಂದರೆ ಅಂಟಿಕೊಂಡಿರುವ ಕೆಲಸ ಕ್ಯಾಮೆರಾದ್ದು, ಬಿಡಿಸುವ ಕೆಲಸ ನನ್ನದು. ಕ್ಯಾನನ್‌ನವರು Tracking sensitivity ಅನ್ನು Locked on ಕಡೆ ಸರಿಸಿದರೆ ಇದೇ ಸಿಗುತ್ತದೆ.

ಏರಿಯಾ d21. d9 ಕೂಡ ನಡೆಯುತ್ತದೆ, ಆದರೆ ಮಕ್ಕಳು ಓಡುವಾಗ ತಲೆ, ಎದೆ ಮೇಲೆ ಕೆಳಗೆ ಆಗುತ್ತದೆ, ನನ್ನ ಕೈ ಅಷ್ಟು ನಿಖರ ಇಲ್ಲ. ಪಾಯಿಂಟ್ ಇಡುವುದು ಎದೆಯ ಮೇಲೆ, ಅಂಗಿಯ ಗುಂಡಿ ಅಥವಾ ಚೆಸ್ಟ್ ನಂಬರ್ ಇರುವಲ್ಲಿ. ಅಂಗಿ ಪೂರ್ತಿ ಬಿಳಿ ಇದ್ದರೆ ಅದಕ್ಕೆ ಹಿಡಿಯಲು ಏನೂ ಸಿಗುವುದಿಲ್ಲ, ನಂಬರಿನ ಕಪ್ಪು ಗೆರೆ ಇದ್ದರೆ ಗಪ್ಪನೆ ಹಿಡಿಯುತ್ತದೆ. ಪಾಯಿಂಟ್ ಮಾತ್ರ ಯಾವಾಗಲೂ ನಡುವಿನ ಗುಂಪಿನಲ್ಲೇ. ಈ ಬಾಡಿಯಲ್ಲಿ 51 ಪಾಯಿಂಟ್ ಇದ್ದರೂ ಅಡ್ಡ, ಉದ್ದ ಎರಡೂ ಗೆರೆ ಓದುವ ಕ್ರಾಸ್ ಪಾಯಿಂಟ್ 15 ಮಾತ್ರ, ಅವೆಲ್ಲ ನಡುವೆ ಇವೆ. ಹಾಗಾಗಿ ನಾನು ಕ್ಯಾಮೆರಾ ಉದ್ದ ಹಿಡಿಯುವುದನ್ನೇ ಬಿಟ್ಟೆ. ಅಡ್ಡ ತೆಗೆದು ಆಮೇಲೆ ಕತ್ತರಿಸುತ್ತೇನೆ, 24 ಮೆಗಾಪಿಕ್ಸೆಲ್ ಇದೆ, ಆಲ್ಬಮ್ಮಿಗೆ ಧಾರಾಳ ಸಾಕು.

ಇನ್ನೊಂದು ಸಣ್ಣದು. a1 ಅಂದರೆ AF-C priority selection, ಅದು ಮೊದಲಿನಿಂದ Release ನಲ್ಲೇ ಇರುತ್ತದೆ, ಫೋಕಸ್ ಆಗಲಿ ಬಿಡಲಿ ಕ್ಲಿಕ್ ಆಗುತ್ತದೆ. Focus ಗೆ ಬದಲಿಸಿ ನೋಡಿದೆ, ಗುರಿ ಮುಟ್ಟುವ ಕ್ಷಣಕ್ಕೇ ಕ್ಯಾಮೆರಾ ಕ್ಲಿಕ್ ಆಗದೆ ನಿಂತಿತು. ವಾಪಸ್ Release. ಬದಲಿಗೆ ಹೆಬ್ಬೆರಳು ಒತ್ತಿ ಅರ್ಧ ಸೆಕೆಂಡಾದರೂ ಮಗುವನ್ನು ಹಿಂಬಾಲಿಸಿ, ಆಮೇಲೆ ಕ್ಲಿಕ್. ಮೊದಲಿನ ಎರಡು ಫ್ರೇಮ್ ಯಾವಾಗಲೂ ಹಾಳಾಗುತ್ತಿದ್ದದ್ದು ಅಲ್ಲಿಗೆ ನಿಂತಿತು. ಮೂರನೇ ಸಂಜೆಯ ಕೊನೆಯ ಓಟದಲ್ಲಿ 22 ಕ್ಕೆ 18 ಶಾರ್ಪ್. "ಮಾಮಾ, ಇನ್ನೊಂದ್ಸಲ ಓಡ್ಲಾ?" ಅಂತ ಅವಳು ಕೇಳುತ್ತಿದ್ದಳು, ನಾನು ಸ್ಕ್ರೀನ್ ಜೂಮ್ ಮಾಡಿ ಅವಳ ರೆಪ್ಪೆಗೆ ಅಂಟಿದ್ದ ಮರಳಿನ ಕಣ ನೋಡುತ್ತಾ ಕೂತಿದ್ದೆ. ಕುಣಿಯುವ, ಮೇಲೆ ಹಾರುವ ಮಕ್ಕಳಿಗೆ ನಾನು ಬೇರೆ ಒಂದು ದಾರಿ ಮಾಡಿಕೊಂಡಿದ್ದೇನೆ. ಅದನ್ನು ಸದ್ಯ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ, ಹೊಟ್ಟೆಪಾಡು.

ಇದೇ ಸೆಟ್ಟಿಂಗ್ ರಸ್ತೆಗೆ ಹೇಗೆ ಅಂತ ನೋಡಲು ಮಳೆಗಾಲದಲ್ಲಿ ಶಿರಸಿಗೆ ಹೋದಾಗ ಹಳೇ ಬಸ್‌ಸ್ಟ್ಯಾಂಡ್ ಹತ್ತಿರ ಒಂದು ಅಂಗಡಿಯ ಚಾವಣಿ ಕೆಳಗೆ ನಿಂತೆ. ಬಸ್ಸು ತಿರುಗಿ ಬರುವಾಗ ನಡುವೆ ಬೈಕು, ಆಟೊ, ಕೊಡೆ ಹಿಡಿದವರು ಹಾದು ಹೋಗುತ್ತಲೇ ಇರುತ್ತಾರೆ. ಲಾಕ್-ಆನ್ 4 ರಲ್ಲಿ ಬೈಕು ದಾಟಿದರೂ ಫೋಕಸ್ ಬಸ್ಸಿನ ಮೇಲೇ ನಿಂತಿತು. ಆಟೊ ನಿಧಾನಕ್ಕೆ ದಾಟಿದರೆ ಮಾತ್ರ ಅದಕ್ಕೆ ಹೋಗುತ್ತಿತ್ತು, 5 ಇಟ್ಟ ಮೇಲೆ ಅದೂ ಕಡಿಮೆಯಾಯಿತು. ವಾಹನಕ್ಕೆ d9 ಸಾಕು, ಅದು ಮಕ್ಕಳಂತೆ ಕುಣಿಯುವುದಿಲ್ಲ. ಕೆಟ್ಟಿದ್ದು ಹೆಡ್‌ಲೈಟಿನಿಂದ. ಒದ್ದೆ ರಸ್ತೆ, ಸಂಜೆ, ಪಾಯಿಂಟ್ ಲೈಟಿನ ಮೇಲೆ ಬಿದ್ದರೆ ಫೋಕಸ್ ಹಿಂದೆ ಮುಂದೆ ಹುಡುಕಾಡುತ್ತದೆ. ನಂಬರ್ ಪ್ಲೇಟ್ ಅಥವಾ ಗಾಜಿನ ಮೇಲಿನ ಊರಿನ ಬೋರ್ಡ್ ಮೇಲೆ ಇಟ್ಟರೆ ಸರಿ ಬರುತ್ತದೆ. ಬಸ್ಸಿನ ಜೊತೆಗೇ ಕ್ಯಾಮೆರಾ ತಿರುಗಿಸುತ್ತಾ ತೆಗೆಯುವ ಪ್ಯಾನಿಂಗ್ ಕೂಡ ಮಾಡಿದೆ, ಶಟರ್ 1/30 ಇಟ್ಟು, ಮೂವತ್ತರಲ್ಲಿ ನಾಲ್ಕು ಬಂತು. ಅದು ಫೋಕಸ್ಸಿನ ತಪ್ಪಲ್ಲ, ನನ್ನ ಸೊಂಟ ಇನ್ನೂ ಪಳಗಿಲ್ಲ.

ಇದು ಕೈಕೊಡುವ ಜಾಗ ಒಂದಿದೆ. ಮಗು ತೀರಾ ಹತ್ತಿರ ಬಂದಾಗ. 10 ಮೀಟರ್ ದೂರದಲ್ಲಿ ಹಿಂಬಾಲಿಸುವುದಕ್ಕೂ 3 ಮೀಟರ್‌ನಲ್ಲಿ ಹಿಂಬಾಲಿಸುವುದಕ್ಕೂ ಲೆನ್ಸಿಗೆ ಹೆಚ್ಚುಕಡಿಮೆ ಹತ್ತು ಪಟ್ಟು ಓಟ, ಮಗುವಿನ ವೇಗ ಅದೇ ಇದ್ದರೂ. ಈ 70-300 ರ ಮೋಟಾರಿಗೆ ಅದು ಆಗುವುದಿಲ್ಲ. ಹಾಗಾಗಿ ನನ್ನಿಂದ ಐದು ಹೆಜ್ಜೆ ದೂರಕ್ಕೆ ಮರಳಿನಲ್ಲಿ ಒಂದು ಗೆರೆ ಎಳೆದಿಡುತ್ತೇನೆ, ಶಾಲೆಯಲ್ಲಾದರೆ ಸುಣ್ಣದ ಗೆರೆ ಇದ್ದೇ ಇರುತ್ತದೆ. ಮಗು ಅದನ್ನು ದಾಟಿದ ಕೂಡಲೇ ಹೆಬ್ಬೆರಳು ಎತ್ತಿ ಹಿಂದಿನಿಂದ ಬರುತ್ತಿರುವವನನ್ನು ಹಿಡಿಯುತ್ತೇನೆ.