ಹೂಕೋಸಿನ ಅಂಚು ಕಂದಾಗಬೇಕಾದರೆ

ನನ್ನದು ಚಿಕ್ಕ ಓಟಿಜಿ ಓವನ್. ಮೊದಲ ಸಲ ಅದರಲ್ಲಿ ಹೂಕೋಸು ಹುರಿದಾಗ ಸುಮಾರು 700 ಗ್ರಾಂ ಹೋಳುಗಳನ್ನು ಒಂದೇ ಟ್ರೇಗೆ ಸುರಿದು, 180 ಡಿಗ್ರಿಯಲ್ಲಿ 40 ನಿಮಿಷ ಇಟ್ಟಿದ್ದೆ. ಹೊರಬಂದದ್ದು ಪಲ್ಯಕ್ಕೆ ಬೇಯಿಸಿದಂಥ ಮೆತ್ತನೆಯ ಬಿಳಿ ಹೋಳುಗಳು. ಬಾಗಿಲಿನ ಗಾಜಿನ ಒಳಮೈಯಲ್ಲಿ ನೀರಹನಿಗಳು ಸಾಲುಗಟ್ಟಿದ್ದವು. ಎಲ್ಲಿ ತಪ್ಪಿದೆನೆಂಬುದು ಆ ಹನಿಗಳನ್ನು ಕಂಡಾಗಲೇ ತಿಳಿಯಿತು.

ಹೂಕೋಸಿನ ತೂಕದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ನೀರೇ. ಹೋಳಿನ ಮೈ ಒದ್ದೆಯಾಗಿರುವಷ್ಟು ಹೊತ್ತು ಅಲ್ಲಿನ ಬಿಸಿ 100 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. ಕಂದುಬಣ್ಣವೂ ಆ ಸಿಹಿ ಘಮವೂ ಚೆನ್ನಾಗಿ ಮೂಡಲು 140 ಡಿಗ್ರಿಯಾದರೂ ಬೇಕು. ಹೋಳುಗಳು ಒತ್ತೊತ್ತಾಗಿದ್ದರೆ ಒಂದರ ಹಬೆ ಪಕ್ಕದ್ದನ್ನು ತೋಯಿಸುತ್ತದೆ, ಹೀಗಾಗಿ ಯಾವುದೂ ಒಣಗುವುದಿಲ್ಲ.

ಈಗ ಅದೇ 700 ಗ್ರಾಮನ್ನು ಎರಡು ಸರದಿಯಲ್ಲಿ ಹುರಿಯುತ್ತೇನೆ. ತೊಳೆದ ಹೋಳುಗಳನ್ನು ಬಟ್ಟೆಯ ಮೇಲೆ ಹರಡಿ ಅರ್ಧ ಗಂಟೆ ಆರಲು ಬಿಡುತ್ತೇನೆ. ದೊಡ್ಡ ಹೋಳನ್ನು ದಂಟಿನ ಉದ್ದಕ್ಕೆ ಸೀಳಿ ಒಂದು ಬದಿಯನ್ನು ಚಪ್ಪಟೆ ಮಾಡುತ್ತೇನೆ, ಏಕೆಂದರೆ ಲೋಹಕ್ಕೆ ತಾಗುವ ಆ ಬದಿಯೇ ಎಲ್ಲಕ್ಕಿಂತ ಚೆನ್ನಾಗಿ ಕೆಂಪಗಾಗುವುದು. ಒಂದು ಸರದಿಗೆ ಒಂದೂವರೆ ದೊಡ್ಡ ಚಮಚ ಎಣ್ಣೆ ಮತ್ತು ಉಪ್ಪು ಸಾಕು. ಓವನ್ನನ್ನು 220 ಡಿಗ್ರಿಗೆ ಇಟ್ಟು, ಮೇಲಿನ ಮತ್ತು ಕೆಳಗಿನ ಕಾಯಿಲ್ ಎರಡನ್ನೂ ಹಾಕಿ, ಖಾಲಿ ಟ್ರೇಯನ್ನೂ ಒಳಗಿಟ್ಟು 15 ನಿಮಿಷ ಕಾಯಿಸುತ್ತೇನೆ. ಕಾದ ಟ್ರೇಗೆ ಹೋಳು ಬಿದ್ದಾಗ ಚುಂಯ್ ಎನ್ನಬೇಕು. ಚಪ್ಪಟೆ ಬದಿ ಕೆಳಗೆ, ಹೋಳಿನಿಂದ ಹೋಳಿಗೆ ಒಂದು ಬೆರಳಿನಷ್ಟು ಜಾಗ.

ಆಮೇಲೆ ಕೈ ತಡೆದುಕೊಳ್ಳಬೇಕು. ಐದೈದು ನಿಮಿಷಕ್ಕೆ ಬಾಗಿಲು ತೆರೆದರೆ ಬಿಸಿ ಸೋರಿಹೋಗುತ್ತದೆ, ಪದೇ ಪದೇ ಕದಡಿದರೆ ಯಾವ ಬದಿಯೂ ಲೋಹಕ್ಕೆ ಅಂಟಿ ಕೂರುವುದಿಲ್ಲ. ನಾನು 17ನೆಯ ನಿಮಿಷಕ್ಕೆ ಒಂದೇ ಒಂದು ಹೋಳನ್ನು ಇಕ್ಕಳದಿಂದ ಎತ್ತಿ ನೋಡುತ್ತೇನೆ. ಸಲೀಸಾಗಿ ಬಿಟ್ಟುಬಂದು ಕೆಳಗೆ ಬೆಲ್ಲದ ಬಣ್ಣ ಕಂಡರೆ ಎಲ್ಲವನ್ನೂ ಮಗುಚುತ್ತೇನೆ; ಕಚ್ಚಿಕೊಂಡಿದ್ದರೆ ಇನ್ನೂ ಮೂರು ನಿಮಿಷ ಬಿಡುತ್ತೇನೆ. ನನ್ನ ಓವನ್ನಿನ ಹಿಂಭಾಗ ಹೆಚ್ಚು ಬಿಸಿಯಾಗುವುದರಿಂದ ಮಗುಚುವಾಗಲೇ ಟ್ರೇಯನ್ನೂ ಹಿಂದುಮುಂದಾಗಿ ತಿರುಗಿಸುತ್ತೇನೆ. ಎರಡನೆಯ ಬದಿಗೆ 8ರಿಂದ 10 ನಿಮಿಷ ಸಾಕು, ಅಷ್ಟರಲ್ಲಿ ಒಳಗಿನ ತೇವವೂ ಒಂದಷ್ಟು ಇಳಿದಿರುತ್ತದೆ.

ಗೆಣಸು, ಕ್ಯಾರೆಟ್‌ಗಳಲ್ಲಿ ಸಕ್ಕರೆ ಹೆಚ್ಚು. ಅವುಗಳ ಅಂಚು ಕೆಂಪಿನಿಂದ ಕಪ್ಪಿಗೆ ಬೇಗ ತಿರುಗುವುದರಿಂದ ಅವಕ್ಕೆ 200 ಡಿಗ್ರಿ ಇಡುತ್ತೇನೆ, ಹೂಕೋಸಿನ ಜೊತೆ ಬೆರೆಸುವುದಿಲ್ಲ. ಖಾರದ ಪುಡಿಯನ್ನು ಮೊದಲೇ ಹಾಕಿದರೆ ಸೀದು ಕಹಿಯಾಗುತ್ತದೆ. ಟ್ರೇ ಹೊರಬಂದ ಮೇಲೆ ಬಿಸಿ ಹೋಳುಗಳಿಗೆ ಉದುರಿಸಿ, ನಿಂಬೆರಸ ಹಿಂಡಿ, ಅಂಚು ಗರಿಗರಿಯಾಗಿರುವಾಗಲೇ ಬಡಿಸುತ್ತೇನೆ.