35 ಬೇಕಿತ್ತು, ನನ್ನ ಕೈ 70 ಕೊಡುತ್ತಿತ್ತು

ನನ್ನ ಕಾರಿನ ಆಯಿಲ್ ನಾನೇ ಬದಲಿಸುತ್ತೇನೆ. ಬೆಳಗಾವಿಯ ಉದ್ಯಮಬಾಗದ ಒಂದು ಸಣ್ಣ ಮಷಿನ್ ಶಾಪ್‌ನಲ್ಲಿ ನಾನು ಡಿಸ್ಪ್ಯಾಚ್ ನೋಡಿಕೊಳ್ಳುತ್ತೇನೆ. ಪಾನಾ, ಸಾಕೆಟ್, ಜಾಕ್ ಎಲ್ಲ ಕೈಗೆ ಸಿಗುತ್ತವೆ. ಮೂರು ಸಲ ಆಯಿಲ್ ಬದಲಿಸಿದ್ದೆ, ಏನೂ ತೊಂದರೆ ಆಗಿರಲಿಲ್ಲ. ನಾಲ್ಕನೇ ಸಲ, ಜುಲೈ ಮಳೆಯಲ್ಲಿ, ಹಳೆಯ ಆಯಿಲ್ ಇಳಿಸಲು ಬಿಚ್ಚುವ ಡ್ರೇನ್ ಬೋಲ್ಟ್‌ನ ಥ್ರೆಡ್ ಹೋಯಿತು.

ಆಗಿದ್ದು ಹೀಗೆ. ಹೊಸ ಆಯಿಲ್ ಹಾಕಿ, ಬೋಲ್ಟ್ ಬಿಗಿ ಮಾಡಿ ಮಲಗಿದೆ. ಬೆಳಿಗ್ಗೆ ನೋಡಿದರೆ ಕಾರಿನ ಕೆಳಗೆ ರೂಪಾಯಿ ಅಗಲದ ಆಯಿಲ್ ಕಲೆ. ಬೋಲ್ಟ್ ಸಡಿಲ ಇರಬೇಕು ಅಂದುಕೊಂಡು ರಿಂಗ್ ಪಾನಾ ಹಾಕಿ ಎಳೆದೆ. ಮೊದಲು ಗಟ್ಟಿಯಾಗಿತ್ತು. ಇನ್ನೊಂದು ಸ್ವಲ್ಪ ಎಳೆದೆ. ಆಮೇಲೆ ಪಾನಾ ಸಲೀಸಾಗಿ ತಿರುಗತೊಡಗಿತು. ಬೋಲ್ಟ್ ತಿರುಗುತ್ತಿದೆ, ಆದರೆ ಬಿಗಿ ಹೆಚ್ಚಾಗುತ್ತಿಲ್ಲ. ಬಿಚ್ಚಿ ನೋಡಿದಾಗ ಬೋಲ್ಟ್‌ನ ಸುತ್ತ ಬೆಳ್ಳಿಯ ಬಣ್ಣದ ತೆಳ್ಳನೆಯ ತಂತಿ ಸುರುಳಿ ಸುತ್ತಿಕೊಂಡಿತ್ತು. ಅದು ತಂತಿ ಅಲ್ಲ, ಆಯಿಲ್ ಚೇಂಬರ್‌ನ ಒಳಗಿನ ಥ್ರೆಡ್. ಚೇಂಬರ್ ಅಲ್ಯುಮಿನಿಯಂ, ಬೋಲ್ಟ್ ಉಕ್ಕು. ಎರಡರ ಜಗ್ಗಾಟದಲ್ಲಿ ಸೋಲುವುದು ಯಾವಾಗಲೂ ಅಲ್ಯುಮಿನಿಯಂ.

ನಮ್ಮ ಶಾಪ್‌ನ ಹಿರಿಯ ಫಿಟರ್ ಕಾಕಾ ಅವರಿಗೆ ಆ ಬೋಲ್ಟ್ ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿ ಹೇಳಿದರು: "ತಮ್ಮಾ, ಇದು ಇವತ್ತು ಹೋದದ್ದಲ್ಲ. ಪ್ರತಿ ಸಲ ಸ್ವಲ್ಪ ಸ್ವಲ್ಪ ಹೋಗೈತಿ. ವಾಶರ್ ಬದಲ್ ಮಾಡಿದ್ದಿ?" ಮಾಡಿರಲಿಲ್ಲ. ಮೂರೂ ಸಲ ಹಳೆಯ ವಾಶರನ್ನೇ ಹಾಕಿದ್ದೆ.

ತಪ್ಪಿನ ಬೇರು ಅಲ್ಲಿತ್ತು. ಡ್ರೇನ್ ಬೋಲ್ಟ್‌ನಿಂದ ಆಯಿಲ್ ಸೋರದಂತೆ ತಡೆಯುವುದು ಬಿಗಿ ಅಲ್ಲ, ವಾಶರ್. ನನ್ನ ಕಾರಿನದು ಮೆತ್ತನೆಯ ಅಲ್ಯುಮಿನಿಯಂ ವಾಶರ್. ಬಿಗಿ ಮಾಡಿದಾಗ ಅದು ಸ್ವಲ್ಪ ಚಪ್ಪಟೆಯಾಗಿ, ಬೋಲ್ಟ್‌ನ ತಲೆ ಮತ್ತು ಚೇಂಬರ್ ನಡುವಿನ ಸಣ್ಣ ಸಣ್ಣ ಗೀರುಗಳನ್ನು ತುಂಬುತ್ತದೆ. ಒಮ್ಮೆ ಚಪ್ಪಟೆಯಾದ ಮೇಲೆ ಅದು ಗಟ್ಟಿಯಾಗುತ್ತದೆ. ಎರಡನೇ ಸಲ ಅದೇ ವಾಶರ್ ಹಾಕಿದರೆ ಅಷ್ಟು ಚೆನ್ನಾಗಿ ಕೂರುವುದಿಲ್ಲ. ಅದಕ್ಕೇ ಸಣ್ಣಗೆ ಸೋರುತ್ತದೆ. ಸೋರಿದ್ದನ್ನು ನೋಡಿ ನಾವು ಇನ್ನೂ ಬಿಗಿ ಮಾಡುತ್ತೇವೆ. ಆ ಹೆಚ್ಚಿನ ಬಿಗಿಯನ್ನೆಲ್ಲ ಹೊರುವುದು ಥ್ರೆಡ್.

ಬೋಲ್ಟ್ ಒಂದು ಸ್ಪ್ರಿಂಗ್ ಇದ್ದ ಹಾಗೆ. ತಿರುಗಿಸಿದಂತೆ ಅದು ಕೂದಲೆಳೆಯಷ್ಟು ಉದ್ದವಾಗುತ್ತದೆ. ಮತ್ತೆ ತನ್ನ ಅಳತೆಗೆ ಬರಲು ಒಳಗೆ ಎಳೆಯುತ್ತದೆ. ಆ ಎಳೆತವೇ ಭಾಗಗಳನ್ನು ಹಿಡಿದಿಡುವುದು. 14 ಮಿ.ಮೀ. ಬೋಲ್ಟ್‌ಗೆ ಕಾರಿನ ಪುಸ್ತಕ ಹೇಳುವ 35 ನ್ಯೂಟನ್ ಮೀಟರ್ ತಿರುಗಿಸುವ ಬಲ ಕೊಟ್ಟರೆ ಆ ಎಳೆತ ಸುಮಾರು ಒಂದೂಕಾಲು ಟನ್ ಆಗುತ್ತದೆ. ಡ್ರೇನ್ ಬೋಲ್ಟ್‌ಗೆ ಅಷ್ಟು ಧಾರಾಳ ಸಾಕು. ತಿರುಗಿಸುವ ಬಲ ದುಪ್ಪಟ್ಟಾದರೆ ಎಳೆತವೂ ದುಪ್ಪಟ್ಟು. ಅದೂ ಎಲ್ಲಾ ಥ್ರೆಡ್‌ಗಳ ಮೇಲೆ ಸಮನಾಗಿ ಬೀಳುವುದಿಲ್ಲ. ಬೋಲ್ಟ್ ತಲೆಗೆ ಹತ್ತಿರ ಇರುವ ಮೊದಲ ಎರಡು ಮೂರು ಸುತ್ತುಗಳೇ ಹೆಚ್ಚು ಹೊರುತ್ತವೆ. ಅವು ಬಾಗಿ ಹೋದರೆ ಭಾರ ಮುಂದಿನ ಸುತ್ತಿಗೆ ಬೀಳುತ್ತದೆ. ಹೀಗೆ ಒಂದೊಂದಾಗಿ ಹೋಗುತ್ತಾ, ಕೊನೆಗೆ ಉಳಿದವು ಒಟ್ಟಿಗೆ ಕಿತ್ತು ಬರುತ್ತವೆ. ಕಾಕಾ "ಸ್ವಲ್ಪ ಸ್ವಲ್ಪ" ಅಂದದ್ದು ಇದನ್ನೇ.

ನಾನು ಎಷ್ಟು ಜೋರು ಕೊಡುತ್ತಿದ್ದೆ ಅನ್ನೋದು ಗೊತ್ತಾಗಬೇಕಿತ್ತು. ಒಂದು ಬೋಲ್ಟ್ ಅನ್ನು ವೈಸ್‌ನಲ್ಲಿ ಕಚ್ಚಿಸಿದೆ. ಬ್ಯಾಗ್ ತೂಗುವ ಕೊಕ್ಕೆ ಕಾಟಾವನ್ನು ಪಾನಾದ ಮೇಲೆ, ನನ್ನ ಕೈ ಇರುವ ಜಾಗದಲ್ಲೇ ಸಿಕ್ಕಿಸಿ, ಪಾನಾಕ್ಕೆ ಅಡ್ಡಲಾಗಿ ಎಳೆದೆ. ದಿನಾ ಎಳೆಯುವ ಹಾಗೆಯೇ. ಕಾಟಾ 28 ಕೆಜಿ ತೋರಿಸಿತು. ಒಂದು ಕೆಜಿ ಅಂದರೆ ಹೆಚ್ಚೂಕಮ್ಮಿ 10 ನ್ಯೂಟನ್. ಬೋಲ್ಟ್‌ನ ನಡುವಿನಿಂದ ಕೈಗೆ 25 ಸೆಂ.ಮೀ., ಅಂದರೆ ಕಾಲು ಮೀಟರ್. 280ರ ಕಾಲು ಭಾಗ 70. ಬೇಕಿದ್ದು 35. ನನಗೆ "ಸರಿಯಾಗಿ ಬಿಗಿ" ಅನ್ನಿಸುತ್ತಿದ್ದದ್ದು ನಿಜವಾಗಿ ಎರಡು ಪಟ್ಟು. ಪಾನಾ ಉದ್ದ ಇದ್ದಷ್ಟೂ ಕೈಗೆ ಹಗುರ ಅನ್ನಿಸುತ್ತದೆ, ಬೋಲ್ಟ್‌ಗೆ ಭಾರ ಹೆಚ್ಚುತ್ತದೆ. ಕೈಯ ಅಂದಾಜು ತಪ್ಪುವುದು ಇದಕ್ಕೇ.

ಚೇಂಬರ್ ಬಿಚ್ಚಿ ಕಾಕಾ ಹೆಲಿಕಾಯಿಲ್ ಹಾಕಿಕೊಟ್ಟರು. ಹಾಳಾದ ತೂತನ್ನು ಸ್ವಲ್ಪ ದೊಡ್ಡದು ಮಾಡಿ, ಅದರದ್ದೇ ಬೇರೆ ಟ್ಯಾಪ್‌ನಿಂದ ಹೊಸ ಥ್ರೆಡ್ ಕೊರೆದು, ಒಳಗೆ ಸ್ಟೇನ್‌ಲೆಸ್ ತಂತಿಯ ಸುರುಳಿ ಕೂರಿಸುತ್ತಾರೆ. ಹಳೆಯ ಬೋಲ್ಟ್ ಅಳತೆಯೇ ಉಳಿಯುತ್ತದೆ. ಚೇಂಬರ್ ಬಿಚ್ಚದೆ, ಟ್ಯಾಪ್‌ಗೆ ಗ್ರೀಸ್ ಬಳಿದು ಕಾರಿನ ಕೆಳಗಿನಿಂದಲೇ ಮಾಡುವವರೂ ಇದ್ದಾರೆ. ಗ್ರೀಸ್ ಪುಡಿಯನ್ನು ಹಿಡಿಯುತ್ತದೆ ನಿಜ, ಆದರೆ ಪೂರ್ತಿ ಅಲ್ಲ. ಉಳಿದ ಅಲ್ಯುಮಿನಿಯಂ ಪುಡಿ ಎಂಜಿನ್ ಒಳಗೆ ಸುತ್ತುವುದು ನನಗೆ ಬೇಡವಾಗಿತ್ತು. ತಾನೇ ಥ್ರೆಡ್ ಕೊರೆದುಕೊಂಡು ಹೋಗುವ ದಪ್ಪ ಬೋಲ್ಟ್ ಕೂಡ ಅಂಗಡಿಯಲ್ಲಿ ಸಿಗುತ್ತದೆ. ಅದು ಸೊಟ್ಟಗೆ ಹೋದರೆ ವಾಶರ್ ಸಮನಾಗಿ ಕೂರುವುದಿಲ್ಲ, ಮತ್ತೆ ಸೋರಿಕೆ.

ಆಮೇಲೆ ಟಾರ್ಕ್ ರೆಂಚ್ ತಂದೆ, ಅಂದರೆ ನಾವು ಇಟ್ಟ ಅಳತೆಯ ಬಿಗಿ ಬಂದಾಗ ಕ್ಲಿಕ್ ಅನ್ನುವ ಪಾನಾ. ಒಂದಲ್ಲ, ಎರಡು. ವೀಲ್ ನಟ್‌ಗೆ ಅರ್ಧ ಇಂಚಿನದು, 28ರಿಂದ 210ರವರೆಗೆ ಹೋಗುವಂಥದ್ದು. ಡ್ರೇನ್ ಬೋಲ್ಟ್‌ಗೆ ಅದೇ ಸಾಕಲ್ವಾ ಅನ್ನಿಸುತ್ತದೆ, ಸ್ಕೇಲ್‌ನಲ್ಲಿ 35 ಇದೆ. ಆದರೆ ಈ ರೆಂಚ್‌ಗಳು ತಮ್ಮ ಸ್ಕೇಲ್‌ನ ತೀರ ಕೆಳಗಿನ ತುದಿಯಲ್ಲಿ ಅಷ್ಟು ನಂಬಿಕೆಗೆ ಬರುವುದಿಲ್ಲ. ದೊಡ್ಡ ರೆಂಚ್‌ನಲ್ಲಿ ಸಣ್ಣ ಅಳತೆಯ ಕ್ಲಿಕ್ ಕೂಡ ತುಂಬಾ ಮೆಲ್ಲಗೆ. ಕೈಗೆ ಗೊತ್ತಾಗದೆ ದಾಟಿಹೋಗುತ್ತದೆ. ಅದಕ್ಕೇ 60ರವರೆಗಿನ ಚಿಕ್ಕದೊಂದು ಬೇರೆ.

ಕ್ಲಿಕ್ ರೆಂಚ್ ಬಿಗಿಯನ್ನು ತಡೆಯುವುದಿಲ್ಲ, ಇದನ್ನು ಮೊದಲು ತಿಳಿಯಬೇಕು. ಕ್ಲಿಕ್ ಒಂದು ಸೂಚನೆ ಅಷ್ಟೇ. ಅದಾದ ಮೇಲೂ ಎಳೆದರೆ ಅದು ಸಾದಾ ಪಾನಾ. ನಾನು ವೈಸ್‌ನಲ್ಲಿ ಕಚ್ಚಿಸಿದ ಬೋಲ್ಟ್ ಮೇಲೆ ಹತ್ತಿಪ್ಪತ್ತು ಸಲ ಎಳೆದು ಆ ಕ್ಲಿಕ್ ಅನ್ನು ಕೈಗೆ ಪರಿಚಯ ಮಾಡಿಕೊಂಡೆ. ಹಿಡಿಕೆಯ ನಡುವೆ ಹಿಡಿಯಬೇಕು, ಝಟಕಾ ಕೊಡದೆ ನಿಧಾನವಾಗಿ ಎಳೆಯಬೇಕು. ಒಂದು ಕ್ಲಿಕ್, ಮುಗಿಯಿತು. ಖಾತ್ರಿಗೆ ಅಂತ ಎರಡನೇ ಕ್ಲಿಕ್ ಬೇಡ. ಸ್ಕೇಲ್ ಓದುವಾಗಲೂ ಜೋಪಾನ. ಒಂದು ಕಡೆ ನ್ಯೂಟನ್ ಮೀಟರ್, ಇನ್ನೊಂದು ಕಡೆ ಫುಟ್ ಪೌಂಡ್ ಇರುತ್ತದೆ. ತಪ್ಪು ಕಡೆ 35 ಇಟ್ಟರೆ ಬೋಲ್ಟ್‌ಗೆ 47 ಬೀಳುತ್ತದೆ.

ಈಗ ಡ್ರೇನ್ ಬೋಲ್ಟ್ ಹಾಕುವುದು ಹೀಗೆ. ಚೇಂಬರ್‌ನ ಮುಖ ಒರೆಸಿ, ಹೊಸ ವಾಶರ್ ಹಾಕಿ, ಬೋಲ್ಟ್ ಅನ್ನು ಬರೀ ಬೆರಳಿನಿಂದ ತಿರುಗಿಸುತ್ತೇನೆ. ಬೆರಳಿಗೆ ನಾಲ್ಕೈದು ಸುತ್ತು ಸಲೀಸಾಗಿ ಹೋಗಬೇಕು. ಹೋಗದಿದ್ದರೆ ಥ್ರೆಡ್ ಅಡ್ಡ ಕೂತಿದೆ, ಬಿಚ್ಚಿ ಮತ್ತೆ ಶುರು ಮಾಡಬೇಕು. ವಾಶರ್ ತಾಗಿದ ಮೇಲೆ ಮಾತ್ರ ಟಾರ್ಕ್ ರೆಂಚ್. 35ಕ್ಕೆ ಕ್ಲಿಕ್ ಬಂದಾಗ, "ಇಷ್ಟೇನಾ" ಅನ್ನಿಸುವಷ್ಟು ಹಗುರ. ಮೊದಲ ಸಲ ನನಗೆ ನಿದ್ದೆ ಬರಲಿಲ್ಲ. ಬೆಳಿಗ್ಗೆ ಕೆಳಗೆ ಹಾಸಿದ್ದ ರಟ್ಟು ಒಣಗಿಯೇ ಇತ್ತು.

ವೀಲ್ ನಟ್ ಕಥೆ ಬೇರೆ. ಅಲ್ಲಿ ಉಕ್ಕಿಗೆ ಉಕ್ಕು. ಥ್ರೆಡ್ ಕಿತ್ತು ಬರುವ ಮೊದಲು ನಟ್ ಕೂರುವ ಸ್ಟಡ್ ಉದ್ದವಾಗುತ್ತದೆ, ಮತ್ತೆ ತನ್ನ ಅಳತೆಗೆ ಬರುವುದಿಲ್ಲ. ನನ್ನ ಕಾರಿಗೆ ಪುಸ್ತಕದಲ್ಲಿ 100 ಅಂತಿದೆ. ಚೋರ್ಲಾ ಘಾಟ್ ಮೇಲೆ ಗೋವಾಕ್ಕೆ ಹೋಗಬೇಕಿತ್ತು, ಅದಕ್ಕೆ ಮುಂದಿನ ಎರಡು ಟೈರ್ ಬದಲಿಸಿದ್ದೆ. ಅಂಗಡಿಯಲ್ಲಿ ಏರ್ ಗನ್‌ನಿಂದ ಹಾಕಿದರು. ಮನೆಗೆ ಬಂದು ರೆಂಚ್ 100ಕ್ಕೆ ಇಟ್ಟು ನೋಡಿದೆ. ನಟ್ ಅಲುಗಲಿಲ್ಲ, ತಕ್ಷಣ ಕ್ಲಿಕ್. ಸರಿ ಇದೆ ಅಂದುಕೊಂಡು ಬಿಡಬಹುದಿತ್ತು. ಆದರೆ ಆ ಕ್ಲಿಕ್ ಹೇಳುವುದು ಒಂದೇ ಮಾತು: 100ಕ್ಕಿಂತ ಕಡಿಮೆ ಇಲ್ಲ. ಎಷ್ಟು ಹೆಚ್ಚು ಇದೆ ಅಂತ ಅದು ಹೇಳುವುದಿಲ್ಲ. ಅದನ್ನು ತಿಳಿಯಬೇಕಾದರೆ ಬಿಚ್ಚಲೇಬೇಕು.

ಬಿಚ್ಚಲು ಟಾರ್ಕ್ ರೆಂಚ್ ಬಳಸಬಾರದು, ಅದರ ಅಳತೆ ಕೆಡುತ್ತದೆ. ಕಾರಿನ ಜೊತೆ ಬಂದ ಪಾನಾಕ್ಕೆ ನಟ್ ಜಗ್ಗಲಿಲ್ಲ. 60 ಸೆಂ.ಮೀ. ಪೈಪ್ ಸಿಕ್ಕಿಸಿ ಮೈಭಾರ ಹಾಕಿದ ಮೇಲೆ ಬಿಟ್ಟಿತು. ರಸ್ತೆ ಪಕ್ಕದಲ್ಲಿ ಪಂಕ್ಚರ್ ಆಗಿ, ಮನೆಯವರೊಬ್ಬರೇ ಕಾರಿನಲ್ಲಿದ್ದಿದ್ದರೆ ಸ್ಟೆಪ್ನಿ ಹಾಕುವುದು ಸಾಧ್ಯವೇ ಇರಲಿಲ್ಲ. ಎಂಟು ನಟ್‌ಗಳನ್ನೂ ಬಿಚ್ಚಿ, ಪ್ರತಿ ಸ್ಟಡ್ ಮೇಲೆ ಬೆರಳಿನಿಂದ ತಿರುಗಿಸಿ ನೋಡಿದೆ. ಏಳರಲ್ಲಿ ಕೊನೆಯವರೆಗೆ ಸಲೀಸಾಗಿ ಹೋಯಿತು. ಒಂದರಲ್ಲಿ ನಡುವೆ ಸಿಕ್ಕಿಕೊಂಡಿತು. ಥ್ರೆಡ್ ಸ್ವಚ್ಛ ಇದ್ದೂ ಹಾಗೆ ಸಿಕ್ಕಿದರೆ ಸ್ಟಡ್ ಎಳೆದುಕೊಂಡಿದೆ ಅಂತ ಅರ್ಥ. ಆ ಸ್ಟಡ್ ಮತ್ತು ನಟ್ ಎರಡನ್ನೂ ಬದಲಿಸಿದೆ.

ಬಿಗಿ ಮಾಡುವಾಗ ಸ್ಟಡ್‌ಗೆ ಆಯಿಲ್ ಹಚ್ಚಲಿಲ್ಲ. ನಾವು ತಿರುಗಿಸುವ ಬಲದಲ್ಲಿ 100ಕ್ಕೆ ಸುಮಾರು 90 ಭಾಗ ಉಜ್ಜಾಟಕ್ಕೇ ಹೋಗುತ್ತದೆ. ಸ್ಟಡ್ ಅನ್ನು ಎಳೆಯುವುದು ಉಳಿದ 10. ಆಯಿಲ್ ಹಚ್ಚಿದರೆ ಉಜ್ಜಾಟ ಕಡಿಮೆಯಾಗಿ, ಅದೇ 100ಕ್ಕೆ ಸ್ಟಡ್ ಬಹಳ ಜಾಸ್ತಿ ಎಳೆಯಲ್ಪಡುತ್ತದೆ. ಪುಸ್ತಕದ 100 ಒಣ ಥ್ರೆಡ್‌ಗೆ ಹೇಳಿದ್ದು. ನಟ್‌ಗಳನ್ನು ಕೈಯಿಂದ ಕೂರಿಸಿ, ಎದುರು ಬದುರಾಗಿ ಹಗುರಕ್ಕೆ ಬಿಗಿದು, ಟೈರ್ ನೆಲಕ್ಕೆ ತಾಗುವಷ್ಟು ಜಾಕ್ ಇಳಿಸಿ, ಆಮೇಲೆ ಅದೇ ಕ್ರಮದಲ್ಲಿ 100. ನನ್ನ ರೆಂಚ್‌ನಲ್ಲಿ ಉದ್ದದ ಗೆರೆ 98ಕ್ಕೆ ಬಂದು, ಹಿಡಿಕೆಯ ಸುತ್ತಿನಲ್ಲಿ ಇನ್ನೆರಡು ಮನೆ ಸೇರಿದರೆ 100 ಆಗುತ್ತದೆ. ಕೆಲಸ ಮುಗಿದ ಮೇಲೆ ಅದನ್ನು 28ಕ್ಕೆ ಇಳಿಸಿ ಇಡುತ್ತೇನೆ. ಒಳಗಿನ ಸ್ಪ್ರಿಂಗ್ ಒತ್ತಿಕೊಂಡೇ ಇದ್ದರೆ ಕ್ರಮೇಣ ಅಳತೆ ತಪ್ಪುತ್ತದೆ.

ಘಾಟ್‌ಗೆ ಹೊರಡುವ ಮೊದಲು ಮೂರು ದಿನ ಊರಲ್ಲೇ ಓಡಿಸಿದೆ. ಸುಮಾರು 70 ಕಿ.ಮೀ. ಆಯಿತು. ಚಕ್ರ ಆರಿದ ಮೇಲೆ ಮತ್ತೆ 100 ಇಟ್ಟು ನೋಡಿದೆ. ಎಡ ಚಕ್ರದ ಎರಡು ನಟ್‌ಗಳು ಕ್ಲಿಕ್ ಬರುವ ಮುಂಚೆ ಬೆರಳಗಲದಷ್ಟು ತಿರುಗಿದವು. ಚಕ್ರ ಬಿಚ್ಚಿ ನೋಡಿದರೆ ಅದು ಕೂರುವ ಹಬ್‌ನ ಮುಖದ ಮೇಲೆ ತುಕ್ಕಿನ ಹೊಪ್ಪಳೆ ಇತ್ತು. ಓಡಾಟದಲ್ಲಿ ಅದು ಪುಡಿಯಾಗಿ ಚಕ್ರ ಸ್ವಲ್ಪ ಒಳಗೆ ಕೂತಿತ್ತು. ತಂತಿ ಬ್ರಷ್‌ನಿಂದ ಅದನ್ನು ಉಜ್ಜಿ ತೆಗೆದು, ನಾಲ್ಕೂ ನಟ್ ಮೊದಲಿನಿಂದ ಕೂರಿಸಿದೆ. ಗೋವಾದಿಂದ ವಾಪಸ್ ಬಂದು ನೋಡಿದಾಗ ಒಂದೂ ಅಲುಗಲಿಲ್ಲ.